ಆಲಮಟ್ಟಿಗೆ ನಾಳೆ ಎಷ್ಟು ನೀರು? ಮುನ್ಸೂಚನೆಯ ಹಿಂದಿರುವ ‘ವಿಂಡೋ’ ಲೆಕ್ಕ

ಜುಲೈ ಬಂತೆಂದರೆ ಕೃಷ್ಣಾ ತೀರದ ಊರುಗಳಲ್ಲಿ ಎಲ್ಲರ ಬಾಯಲ್ಲೂ ಕ್ಯೂಸೆಕ್ ಲೆಕ್ಕ. ಕಲ್ಲೋಳದಲ್ಲಿ ಎಷ್ಟು ಹರಿಯುತ್ತಿದೆ, ಹಿಪ್ಪರಗಿ ಬ್ಯಾರೇಜಿನಿಂದ ಎಷ್ಟು ಬಿಟ್ಟರು, ಆಲಮಟ್ಟಿಗೆ ಎಷ್ಟು ಬಂತು ಎಂಬ ಅಂಕಿಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಈಗ ಅವುಗಳ ಜೊತೆ ಇನ್ನೊಂದು ಬಗೆಯ ಸಂದೇಶವೂ ಬರತೊಡಗಿದೆ. ‘ಮುಂದಿನ ಮೂರು ದಿನದ ಒಳಹರಿವು ಇಷ್ಟು, ಕಂಪ್ಯೂಟರ್ ಮಾಡೆಲ್ ಹೇಳಿದ್ದು, ನಿಖರತೆ ಶೇಕಡಾ ಇಷ್ಟು’ ಎಂದು. ಪಂಪ್‌ಸೆಟ್ ಮೇಲೆ ಎತ್ತಬೇಕೋ, ದನಕರು ಬೇರೆಡೆ ಸಾಗಿಸಬೇಕೋ ಎಂದು ಲೆಕ್ಕ ಹಾಕುತ್ತಿರುವವರಿಗೆ ಆ ‘ನಿಖರತೆ’ ಎಂಬ ಮಾತು ಬಹಳ ದೊಡ್ಡದು.

ಆ ಅಂಕಿ ನಂಬಬಹುದಾ ಇಲ್ವಾ ಎಂಬುದು ಬಹಳಷ್ಟು ಸಲ ಮಾಡೆಲ್ ಎಷ್ಟು ಬುದ್ಧಿವಂತ ಎನ್ನುವುದರ ಮೇಲೆ ನಿಂತಿರುವುದಿಲ್ಲ. ಹಳೆಯ ದಾಖಲೆಯನ್ನು ತುಣುಕು ಮಾಡಿ ಅದಕ್ಕೆ ಹೇಗೆ ಕಲಿಸಿದರು ಎನ್ನುವುದರ ಮೇಲೆ ನಿಂತಿರುತ್ತದೆ. ಆ ತುಣುಕುಗಳಿಗೆ ‘ವಿಂಡೋ’ ಎನ್ನುತ್ತಾರೆ. ಅದನ್ನು ಹೇಗೆ ಕತ್ತರಿಸುತ್ತಾರೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಆಲಮಟ್ಟಿಯ ಒಳಹರಿವನ್ನೇ ಇಟ್ಟುಕೊಂಡು ನೋಡೋಣ.

ಉದ್ದನೆಯ ಒಂದು ಸಾಲು, ಚಿಕ್ಕ ಚಿಕ್ಕ ಪ್ರಶ್ನೆಗಳು

ದಿನಕ್ಕೊಂದು ಅಂಕಿಯಂತೆ ವರ್ಷಗಟ್ಟಲೆ ಬರೆದಿಟ್ಟ ಒಳಹರಿವಿನ ದಾಖಲೆಯನ್ನು ‘ಕಾಲಸರಣಿ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಟೈಮ್ ಸೀರೀಸ್. ಇದರಲ್ಲಿ ಅಂಕಿಗಳಷ್ಟೇ ಮುಖ್ಯವಾದದ್ದು ಅವುಗಳ ಕ್ರಮ. ಕ್ರಮ ಕಲಸಿಹೋದರೆ ಉಳಿಯುವುದು ಅಂಕಿಗಳ ರಾಶಿ ಮಾತ್ರ. ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದೇ ಗೊತ್ತಾಗುವುದಿಲ್ಲ.

ಇಲ್ಲಿ ಬರುವ ಅಳತೆಗಳನ್ನೂ ಒಮ್ಮೆ ಹೇಳಿಬಿಡುತ್ತೇನೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. 1 ಲಕ್ಷ ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಆಲಮಟ್ಟಿ ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 123 ಟಿಎಂಸಿ. ಅಂದರೆ ಒಳಹರಿವಿನ ಅಂದಾಜು ಎರಡು ದಿನ ದೊಡ್ಡದಾಗಿ ತಪ್ಪಿದರೂ ಗೇಟ್ ಯಾವಾಗ ತೆರೆಯಬೇಕು ಎಂಬ ಲೆಕ್ಕವೇ ಬದಲಾಗುತ್ತದೆ.

ಈಗ ಮಾಡೆಲ್ ವಿಷಯ. ಬಹಳಷ್ಟು ಮಾಡೆಲ್‌ಗಳು 20 ವರ್ಷದ ಸಾಲನ್ನು ಒಂದೇ ಸಲ ನುಂಗಿ ಕಲಿಯುವುದಿಲ್ಲ. ಅವುಗಳಿಗೆ ಬೇಕಾಗಿರುವುದು ಪ್ರಶ್ನೆ ಮತ್ತು ಉತ್ತರದ ಜೋಡಿಗಳು. ‘ಹಿಂದಿನ ಇಷ್ಟು ದಿನ ಹೀಗಿತ್ತು’ ಎನ್ನುವುದು ಪ್ರಶ್ನೆ. ‘ಆಮೇಲೆ ಇಷ್ಟು ಬಂತು’ ಎನ್ನುವುದು ಉತ್ತರ. ಪ್ರತಿ ಪ್ರಶ್ನೆಯ ಉದ್ದವೂ ಒಂದೇ ಇರಬೇಕು, ಪ್ರತಿ ಉತ್ತರದ ಉದ್ದವೂ ಒಂದೇ ಇರಬೇಕು. ಇಂಥ ಸಾವಿರಾರು ಜೋಡಿಗಳನ್ನು ನೋಡುತ್ತಾ ಹೋದಂತೆ ಮಾಡೆಲ್ ತನ್ನೊಳಗಿನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಉದ್ದನೆಯ ಸಾಲಿನಿಂದ ಈ ಜೋಡಿಗಳನ್ನು ತೆಗೆಯುವ ಕೆಲಸವೇ ವಿಂಡೋ ಕತ್ತರಿಸುವುದು.

12 ದಿನದ ಲೆಕ್ಕ

ಕೆಳಗಿನ 12 ಅಂಕಿಗಳು ನಿಜವಾದ ದಾಖಲೆಯಲ್ಲ, ತಿಳಿಸುವುದಕ್ಕಾಗಿ ನಾನು ಇಟ್ಟುಕೊಂಡವು. ಸಾವಿರ ಕ್ಯೂಸೆಕ್‌ಗಳಲ್ಲಿವೆ. ನೀರು ಏರಿ, ತುದಿ ಮುಟ್ಟಿ, ಇಳಿಯುವ ಒಂದು ಸಾಧಾರಣ ಹೊಳೆ.

```
18 22 35 60 95 120 140 135 110 85 70 62
```

ಹಿಂದಿನ 5 ದಿನ ನೋಡಿ ಮುಂದಿನ 2 ದಿನ ಹೇಳಬೇಕು ಎಂದಿಟ್ಟುಕೊಳ್ಳೋಣ. ಮೊದಲ ವಿಂಡೋ ಮೊದಲ ಅಂಕಿಯಿಂದ ಶುರುವಾಗುತ್ತದೆ. ಆಮೇಲೆ ಒಂದೊಂದು ದಿನ ಮುಂದಕ್ಕೆ ಜರುಗಿಸುತ್ತಾ ಹೋಗುತ್ತೇವೆ.

```
1:  18  22  35  60  95  →  120 140
2:  22  35  60  95 120  →  140 135
3:  35  60  95 120 140  →  135 110
4:  60  95 120 140 135  →  110  85
5:  95 120 140 135 110  →   85  70
6: 120 140 135 110  85  →   70  62
```

ಆರು ವಿಂಡೋ ಸಿಕ್ಕವು. ಏಳನೆಯದಕ್ಕೆ ಉತ್ತರದ ಎರಡು ದಿನ ಪೂರ್ತಿ ಸಿಗುವುದಿಲ್ಲ, ಹಾಗಾಗಿ ಅಲ್ಲಿಗೆ ನಿಲ್ಲಿಸಬೇಕು. ಎಷ್ಟು ವಿಂಡೋ ಸಿಗುತ್ತವೆ ಎಂಬ ಲೆಕ್ಕ ಸುಲಭ: ಒಟ್ಟು ದಿನಗಳಿಂದ ಒಂದು ವಿಂಡೋದ ಪೂರ್ತಿ ಉದ್ದವನ್ನು ಕಳೆದು, ಒಂದು ಕೂಡಿಸಿ. 12ರಲ್ಲಿ 7 ಕಳೆದರೆ 5, ಒಂದು ಕೂಡಿಸಿದರೆ 6.

140 ಎಂಬ ಅಂಕಿಯನ್ನು ಈಗ ಹುಡುಕಿ ನೋಡಿ. ಮೊದಲೆರಡು ವಿಂಡೋಗಳಲ್ಲಿ ಅದು ಉತ್ತರದ ಕಡೆ ಇದೆ. ಮೂರರಿಂದ ಆರರವರೆಗೆ ಪ್ರಶ್ನೆಯ ಕಡೆ ಇದೆ. ನಿಜದಲ್ಲಿ ಆ ದಿನ ಬಂದದ್ದು ಒಂದೇ ಸಲ. ಆದರೆ ನಾವು ಮಾಡಿದ ಪಟ್ಟಿಯಲ್ಲಿ ಅದು ಆರೂ ಕಡೆ ಕೂತಿದೆ. ಮುಂದೆ ಬರುವ ದೊಡ್ಡ ತೊಂದರೆಯ ಬೇರು ಇಲ್ಲೇ ಇದೆ.

ಒಂದರ ಮೇಲೊಂದು ಯಾಕೆ ಬರಬೇಕು?

ಇಷ್ಟೊಂದು ಪುನರಾವರ್ತನೆ ಯಾಕೆ, ಏಳೇಳು ದಿನದ ಬೇರೆ ಬೇರೆ ತುಣುಕು ಮಾಡಿದರೆ ಸಾಲದೇ ಎಂದು ಕೇಳಬಹುದು. 12 ದಿನದಲ್ಲಿ ಆಗ ಸಿಗುವುದು ಒಂದೇ ತುಣುಕು. ಅದು ಏರುವ ನೀರನ್ನು ಮಾತ್ರ ತೋರಿಸುತ್ತದೆ. ಇಳಿಯುವ ಭಾಗ ಮಾಡೆಲ್‌ಗೆ ಕಾಣಿಸುವುದೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಮುನ್ಸೂಚನೆ ನಮಗೆ ದಿನಾ ಬೆಳಗ್ಗೆ ಬೇಕು. ಒಂದು ಬೆಳಗ್ಗೆ ನೀರು ಈಗಷ್ಟೇ ಏರತೊಡಗಿರುತ್ತದೆ, ಇನ್ನೊಂದು ಬೆಳಗ್ಗೆ ತುದಿ ಮುಟ್ಟಿರುತ್ತದೆ, ಮತ್ತೊಂದು ಬೆಳಗ್ಗೆ ಅರ್ಧ ಇಳಿದಿರುತ್ತದೆ. ಈ ಎಲ್ಲ ಹಂತಗಳಲ್ಲಿ ನಿಂತು ಮುಂದೆ ನೋಡುವುದನ್ನು ಮಾಡೆಲ್ ಕಲಿಯಬೇಕು. ದಿನಕ್ಕೊಂದು ಹೆಜ್ಜೆ ಜರುಗಿಸಿದರೆ ಆ ಎಲ್ಲ ಹಂತಗಳೂ ಸಿಗುತ್ತವೆ.

ಜರುಗಿಸುವ ಈ ಅಂತರಕ್ಕೆ ‘ಸ್ಟ್ರೈಡ್’ ಎನ್ನುತ್ತಾರೆ. ದಿನದ ದಾಖಲೆಗೆ ಒಂದು ದಿನದ ಸ್ಟ್ರೈಡ್ ಸಾಕು, ಅಂಕಿಗಳೇ ಕಡಿಮೆ ಇರುತ್ತವೆ. ಗಂಟೆಗೊಂದು ಅಂಕಿ ಇದ್ದರೆ ಪಕ್ಕಪಕ್ಕದ ವಿಂಡೋಗಳಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಆಗ ಕಲಿಸುವಾಗ ಆರು ಗಂಟೆಗೊಮ್ಮೆ ಜರುಗಿಸಿದರೆ ಕೆಲಸ ಹಗುರಾಗುತ್ತದೆ, ಹೆಚ್ಚೇನೂ ಕಳೆದುಹೋಗುವುದಿಲ್ಲ.

ಎಷ್ಟು ಹಿಂದೆ ನೋಡಬೇಕು?

ಮಾಡೆಲ್‌ಗೆ ವಿಂಡೋದಿಂದಾಚೆಗಿನದು ಏನೂ ಕಾಣುವುದಿಲ್ಲ. ಬಹಳ ಚಿಕ್ಕದಾದರೆ ಬೇಕಾದದ್ದು ಹೊರಗುಳಿಯುತ್ತದೆ. ಬಹಳ ಉದ್ದವಾದರೆ ವಿಂಡೋಗಳ ಸಂಖ್ಯೆ ಇಳಿಯುತ್ತದೆ, ಬೇಡದ ಹಳೆ ಏರಿಳಿತಗಳಲ್ಲಿ ಮಾಡೆಲ್ ಇಲ್ಲದ ಸಂಬಂಧ ಹುಡುಕತೊಡಗುತ್ತದೆ.

ಕೃಷ್ಣೆಯ ವಿಷಯದಲ್ಲಿ ಉದ್ದ ಎಷ್ಟಿರಬೇಕೆಂದು ನದಿಯನ್ನೇ ಕೇಳಬೇಕು. ಮಹಾಬಳೇಶ್ವರದ ಕಡೆ ಬಿದ್ದ ಮಳೆ ಅದೇ ದಿನ ಆಲಮಟ್ಟಿಗೆ ಬರುವುದಿಲ್ಲ. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ, ಪಂಚಗಂಗಾ ನರಸೋಬಾವಾಡಿಯಲ್ಲಿ ಸೇರುತ್ತದೆ. ಆಮೇಲೆ ದೂಧಗಂಗಾ ಬರುತ್ತದೆ. ನೀರು ಕಲ್ಲೋಳ ದಾಟಿ, ಹಿಪ್ಪರಗಿ ದಾಟಿ ಕೆಳಗೆ ಬರುತ್ತದೆ. ಗೋಕಾಕ, ಮುಧೋಳದ ಕಡೆಯಿಂದ ಘಟಪ್ರಭಾ ಬಂದು ಕೂಡುತ್ತದೆ. ಮಲಪ್ರಭೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅದು ಕೂಡಲಸಂಗಮದಲ್ಲಿ, ಆಲಮಟ್ಟಿ ಅಣೆಕಟ್ಟಿನ ಕೆಳಗೆ ಸೇರುತ್ತದೆ. ಹೀಗೆ ಬೇರೆ ಬೇರೆ ದೂರದಿಂದ, ಬೇರೆ ಬೇರೆ ದಿನ ಬಂದ ನೀರೆಲ್ಲ ಸೇರಿ ಒಂದು ದಿನದ ಒಳಹರಿವು. ವಿಂಡೋ ಕನಿಷ್ಠ ಈ ಪ್ರಯಾಣದ ದಿನಗಳನ್ನಾದರೂ ಒಳಗೊಳ್ಳಬೇಕು.

ನಾವಿಲ್ಲಿ ಹಿಂದಿನ 14 ದಿನ, ಮುಂದಿನ 3 ದಿನ ಎಂದು ಇಟ್ಟುಕೊಳ್ಳೋಣ. 14 ಎನ್ನುವುದು ದೇವರು ಕೊಟ್ಟ ಸಂಖ್ಯೆಯೇನಲ್ಲ. 7, 14, 30 ಹೀಗೆ ಹಾಕಿ ನೋಡಿ, ಕಲಿಸಲು ಬಳಸದ ವರ್ಷಗಳಲ್ಲಿ ಯಾವುದು ಚೆನ್ನಾಗಿ ಹೇಳುತ್ತದೋ ಅದನ್ನು ಆರಿಸುತ್ತಾರೆ.

ಆದರೆ ಉದ್ದ ಮಾಡಿದ ಮಾತ್ರಕ್ಕೆ ಎಲ್ಲವೂ ವಿಂಡೋದೊಳಗೆ ಬರುವುದಿಲ್ಲ. ಜೂನ್ ಮೊದಲ ವಾರದಲ್ಲಿ ಘಟ್ಟದ ಮೇಲೆ ಜೋರು ಮಳೆಯಾದರೂ ನಮ್ಮ ಕಡೆ ಹೊಳೆ ಬರುವುದಿಲ್ಲ. ನೆಲ ಒಣಗಿರುತ್ತದೆ, ಮೇಲಿನ ಜಲಾಶಯಗಳು ಖಾಲಿ ಇರುತ್ತವೆ. ಕೊಯ್ನಾ ಒಂದೇ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಅದೇ ಮಳೆ ಆಗಸ್ಟಿನಲ್ಲಿ, ಜಲಾಶಯಗಳು ತುಂಬಿರುವಾಗ ಬಿದ್ದರೆ ನೀರು ನೇರ ಕೆಳಗೆ ಬರುತ್ತದೆ. ಈ ವ್ಯತ್ಯಾಸ ಎರಡು ತಿಂಗಳಿಂದ ಕೂಡಿ ಬಂದದ್ದು. 14 ದಿನದ ಒಳಹರಿವಿನಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಅದಕ್ಕಾಗಿ ವಿಂಡೋವನ್ನು 60 ದಿನಕ್ಕೆ ಎಳೆಯುವುದಕ್ಕಿಂತ, ವಿಂಡೋ ಮುಗಿಯುವ ದಿನ ಕೊಯ್ನಾದಲ್ಲಿ ಎಷ್ಟು ನೀರಿತ್ತು ಎಂಬ ಒಂದೇ ಅಂಕಿಯನ್ನು ಪಕ್ಕದಲ್ಲಿ ಇಡುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಎರಡು ತಿಂಗಳ ಕತೆಯನ್ನು ಆ ಒಂದು ಅಂಕಿ ಹೇಳುತ್ತದೆ.

ಅಕ್ಟೋಬರ್ 31ರ ಪಕ್ಕದಲ್ಲಿ ಜೂನ್ 1

ಹೊಳೆಯ ಲೆಕ್ಕಕ್ಕೆ ಬೇಸಿಗೆಯ ದಿನಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ದಿನಗಳನ್ನು ಮಾತ್ರ ಇಟ್ಟುಕೊಳ್ಳುವುದುಂಟು. ವರ್ಷಕ್ಕೆ 153 ದಿನ. 2005ರಿಂದ 2024ರವರೆಗೆ 20 ವರ್ಷವೆಂದರೆ 3,060 ದಿನ.

ಇವೆಲ್ಲವನ್ನೂ ಒಂದೇ ಉದ್ದನೆ ಸಾಲಾಗಿ ಜೋಡಿಸಿ ವಿಂಡೋ ಕತ್ತರಿಸಿದರೆ 3,060ರಲ್ಲಿ 17 ಕಳೆದು ಒಂದು ಕೂಡಿಸಬೇಕು: 3,044 ವಿಂಡೋ. ವರ್ಷ ವರ್ಷ ಬೇರೆಯಾಗಿ ಕತ್ತರಿಸಿದರೆ ಒಂದು ವರ್ಷಕ್ಕೆ 137, ಇಪ್ಪತ್ತಕ್ಕೆ 2,740. ವ್ಯತ್ಯಾಸ 304.

ಈ 304 ವಿಂಡೋಗಳು ಎಲ್ಲಿಂದ ಬಂದವು? ಒಂದು ವರ್ಷದ ಅಕ್ಟೋಬರ್ ಕೊನೆ ಮತ್ತು ಮುಂದಿನ ವರ್ಷದ ಜೂನ್ ಮೊದಲು ಒಂದೇ ತುಣುಕಿನಲ್ಲಿ ಬಿದ್ದಿವೆ. 20 ವರ್ಷಗಳ ನಡುವೆ 19 ಸೇರುವೆಗಳಿವೆ, ಪ್ರತಿ ಸೇರುವೆಗೆ 16 ವಿಂಡೋ. ‘ಅಕ್ಟೋಬರ್ 30, ಅಕ್ಟೋಬರ್ 31, ಜೂನ್ 1, ಜೂನ್ 2’ ಎಂದು ಇವು ಓದಿಕೊಂಡು ಹೋಗುತ್ತವೆ. ನಡುವೆ ಏಳು ತಿಂಗಳು ಕಾಣೆ! ಇಂಥ ದಿನಗಳು ಯಾವ ನದಿಯಲ್ಲೂ ಬಂದಿಲ್ಲ. ಮಾಡೆಲ್‌ಗೆ ಅದು ಗೊತ್ತಿಲ್ಲ. ಕೊಟ್ಟದ್ದನ್ನು ಅದು ನಂಬಿ ಕಲಿಯುತ್ತದೆ.

ಕಂಪ್ಯೂಟರ್ ಇಲ್ಲಿ ಎಚ್ಚರಿಸುವುದಿಲ್ಲ. ಎಲ್ಲ ವಿಂಡೋಗಳಲ್ಲೂ 17 ಅಂಕಿಗಳಿವೆ, ಅದಕ್ಕೆ ಅಷ್ಟು ಸಾಕು. ಇದನ್ನು ಹಿಡಿಯಲು ಅಂಕಿಯ ಜೊತೆ ತಾರೀಖನ್ನೂ ಉಳಿಸಿಕೊಳ್ಳಬೇಕು. ವಿಂಡೋದ ಕೊನೆಯ ತಾರೀಖಿನಿಂದ ಮೊದಲ ತಾರೀಖು ಕಳೆದರೆ ಸರಿಯಾಗಿ 16 ದಿನ ಬರಬೇಕು. ಬೇರೆ ಏನು ಬಂದರೂ ಆ ವಿಂಡೋ ತೆಗೆದುಹಾಕಬೇಕು.

ಇದೇ ಪರೀಕ್ಷೆ ಇನ್ನೊಂದು ತಪ್ಪನ್ನೂ ಹಿಡಿಯುತ್ತದೆ. ದಾಖಲೆಯಲ್ಲಿ ಒಂದು ದಿನದ ಸಾಲೇ ಬರೆದಿಲ್ಲ ಎಂದಿಟ್ಟುಕೊಳ್ಳಿ. ಜುಲೈ 22ರ ನಂತರ ನೇರ 24 ಬಂದಿದೆ. ಸುಮ್ನೆ ಸಾಲು ಎಣಿಸಿ ಕತ್ತರಿಸಿದರೆ ಆ ಜಾಗ ದಾಟುವ ವಿಂಡೋಗಳೆಲ್ಲ 17 ದಿನದ ಬದಲು 18 ದಿನದ ಕಾಲವನ್ನು ಹೊತ್ತಿರುತ್ತವೆ. ಕೆಲವರು ಬಿಟ್ಟುಹೋದ ದಿನಕ್ಕೆ ಸೊನ್ನೆ ತುಂಬುತ್ತಾರೆ. ಅದು ಇನ್ನೂ ಕೆಟ್ಟದ್ದು. ತುಂಬಿ ಹರಿಯುವ ಹೊಳೆ ಒಂದು ದಿನ ಪೂರ್ತಿ ಒಣಗಿ, ಮರುದಿನ ಮತ್ತೆ ತುಂಬಿತು ಎಂದು ಮಾಡೆಲ್ ಓದುತ್ತದೆ. ಒಂದೇ ಒಂದು ಸೊನ್ನೆ 17 ವಿಂಡೋಗಳಿಗೆ ಹರಡುತ್ತದೆ.

ವರ್ಷ ವರ್ಷ ಬೇರೆಯಾಗಿ ಕತ್ತರಿಸುವ ಕೆಲಸ ಪೈಥಾನ್‌ನಲ್ಲಿ ಕೆಲವೇ ಸಾಲು:

```python
import numpy as np
from numpy.lib.stride_tricks import sliding_window_view

L, H = 14, 3

def cut(x):                      # x: ಒಂದು ವರ್ಷದ 153 ಅಂಕಿ
    w = sliding_window_view(x, L + H)
    return w[:, :L], w[:, L:]    # ಪ್ರಶ್ನೆ, ಉತ್ತರ
```

ಒಂದು ವರ್ಷ ಕೊಟ್ಟರೆ 137 ಸಾಲು ಬರುತ್ತವೆ. ಈ `sliding_window_view` ಅಂಕಿಗಳನ್ನು ನಕಲು ಮಾಡುವುದಿಲ್ಲ. ಮೂಲ ಸಾಲಿನ ಮೇಲೆಯೇ ಬೇರೆ ಬೇರೆ ಕಡೆಯಿಂದ ನೋಡುತ್ತದೆ. ಹಾಗಾಗಿ ಮೆಮೊರಿ ಉಳಿಯುತ್ತದೆ. ವಿಂಡೋ ಒಳಗಿನ ಅಂಕಿಯನ್ನು ತಿದ್ದಬೇಕಿದ್ದರೆ ಮಾತ್ರ ಮೊದಲು ನಕಲು ತೆಗೆದುಕೊಳ್ಳಬೇಕು.

ಉತ್ತರ ಮೊದಲೇ ಸೋರುವುದು

ಮಾಡೆಲ್ ಎಷ್ಟು ಕಲಿತಿದೆ ಎಂದು ತಿಳಿಯಲು, ಕೆಲವು ವಿಂಡೋಗಳನ್ನು ಅದಕ್ಕೆ ತೋರಿಸದೆ ಪಕ್ಕಕ್ಕೆ ಇಟ್ಟು ಆಮೇಲೆ ಕೇಳುತ್ತಾರೆ. ಬೇರೆ ಅನೇಕ ಕೆಲಸಗಳಲ್ಲಿ ರೂಢಿ ಏನೆಂದರೆ ಎಲ್ಲವನ್ನೂ ಇಸ್ಪೀಟೆಲೆಯ ಹಾಗೆ ಕಲಸಿ, 100ಕ್ಕೆ 80 ಕಲಿಸಲು, 20 ಪರೀಕ್ಷೆಗೆ ಎಂದು ಹಂಚುವುದು. ಒಂದಕ್ಕೊಂದು ಸಂಬಂಧವಿಲ್ಲದ ಉದಾಹರಣೆಗಳಿಗೆ ಅದು ಸರಿ. ಒಂದರ ಮೇಲೊಂದು ಬಿದ್ದ ವಿಂಡೋಗಳಿಗೆ ಖಂಡಿತ ಸರಿಯಲ್ಲ.

ಎರಡು ವಿಂಡೋಗಳನ್ನು ಹತ್ತಿರದಿಂದ ನೋಡೋಣ. ಒಂದರ ಪ್ರಶ್ನೆ ಜುಲೈ 20ರಿಂದ ಆಗಸ್ಟ್ 2ರವರೆಗೆ, ಉತ್ತರ ಆಗಸ್ಟ್ 3, 4, 5. ಮರುದಿನದ್ದರ ಪ್ರಶ್ನೆ ಜುಲೈ 21ರಿಂದ ಆಗಸ್ಟ್ 3ರವರೆಗೆ, ಉತ್ತರ ಆಗಸ್ಟ್ 4, 5, 6. ಪ್ರಶ್ನೆಯ 14 ದಿನಗಳಲ್ಲಿ 13 ಒಂದೇ. ಉತ್ತರದ ಮೂರರಲ್ಲಿ ಎರಡು ಒಂದೇ. ಈಗ ಕಲಸಿದಾಗ ಮೊದಲನೆಯದು ಕಲಿಸುವ ಕಡೆ, ಎರಡನೆಯದು ಪರೀಕ್ಷೆಯ ಕಡೆ ಹೋಯಿತು. ಆಗಸ್ಟ್ 4 ಮತ್ತು 5ರಂದು ಎಷ್ಟು ಬಂತು ಎಂಬುದನ್ನು ಮಾಡೆಲ್ ಆಗಲೇ ನೋಡಿದೆ, ಹೆಚ್ಚುಕಡಿಮೆ ಅದೇ ಪ್ರಶ್ನೆಯ ಪಕ್ಕದಲ್ಲಿ. ಅದು ನದಿಯನ್ನು ಅರ್ಥ ಮಾಡಿಕೊಳ್ಳಬೇಕಾಗಿಯೇ ಇಲ್ಲ, ನೆನಪಿಟ್ಟುಕೊಂಡರೆ ಸಾಕು.

ಇದು ಅಪರೂಪಕ್ಕೆ ಆಗುವ ಅಪಘಾತವೂ ಅಲ್ಲ. 80:20 ಎಂದು ಕಲಸಿ ಹಂಚಿದಾಗ, ಪರೀಕ್ಷೆಯ ಒಂದು ವಿಂಡೋದ ಹಿಂದಿನ ದಿನದ್ದೂ ಮರುದಿನದ್ದೂ ಎರಡೂ ಪರೀಕ್ಷೆಯ ಕಡೆಯೇ ಬೀಳುವ ಸಾಧ್ಯತೆ 100ಕ್ಕೆ 4 ಮಾತ್ರ. ಉಳಿದ 96 ಸಲ ಅಕ್ಕಪಕ್ಕದ ಒಂದಾದರೂ ಕಲಿಸುವ ಕಡೆ ಇರುತ್ತದೆ. ಅಂದರೆ ಹೆಚ್ಚುಕಡಿಮೆ ಇಡೀ ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ.

ಹೀಗೆ ಬಂದ ‘ನಿಖರತೆ’ ಬಹಳ ಸುಂದರವಾಗಿರುತ್ತದೆ. ಅದನ್ನು ನಂಬಿ ಮುಂದಿನ ಮಳೆಗಾಲಕ್ಕೆ ಬಳಸಿದಾಗ ಮಾಡೆಲ್ ತಡವರಿಸುತ್ತದೆ. ಮುಂದಿನ ಮಳೆಗಾಲದ ಅಕ್ಕಪಕ್ಕದ ದಿನಗಳನ್ನು ಅದು ನೋಡಿರುವುದಿಲ್ಲವಲ್ಲ. ಸೋರಿಕೆ ಇದೆಯೋ ಇಲ್ಲವೋ ತಿಳಿಯುವ ದಾರಿ ಇದೇ: ಕಲಸಿ ಹಂಚಿದಾಗಿನ ತಪ್ಪಿನ ಪ್ರಮಾಣ ಮತ್ತು ವರ್ಷಗಳನ್ನೇ ಬೇರೆ ಮಾಡಿದಾಗಿನ ತಪ್ಪಿನ ಪ್ರಮಾಣ ಎರಡನ್ನೂ ತೆಗೆದು ನೋಡಬೇಕು. ಎರಡನೆಯದು ಬಹಳ ಜಾಸ್ತಿಯಾದರೆ ಮೊದಲನೆಯ ಅಂಕಿ ನೆನಪಿನ ಬಲದಿಂದ ಬಂದದ್ದು.

ಮೊದಲು ಹಂಚಿ, ಆಮೇಲೆ ಕತ್ತರಿಸಿ

ಪರಿಹಾರ ಕ್ರಮದಲ್ಲಿದೆ. ವಿಂಡೋ ಕತ್ತರಿಸಿ ಆಮೇಲೆ ಹಂಚಬಾರದು. ಮೊದಲು ವರ್ಷಗಳನ್ನು ಹಂಚಬೇಕು, ಆಮೇಲೆ ಪ್ರತಿ ಪಾಲಿನಲ್ಲಿ ಬೇರೆಯಾಗಿ ಕತ್ತರಿಸಬೇಕು. ನಮ್ಮ 20 ವರ್ಷಗಳಲ್ಲಿ 2005ರಿಂದ 2018ರವರೆಗೆ ಕಲಿಸಲು ಇಡಬಹುದು. 2019ರಿಂದ 2021 ವಿಂಡೋದ ಉದ್ದ ಮುಂತಾದವನ್ನು ಆರಿಸಲು. 2022ರಿಂದ 2024 ಕೊನೆಯ ಪರೀಕ್ಷೆಗೆ. ಕೊನೆಯ ಪಾಲನ್ನು ಎಲ್ಲ ನಿರ್ಧಾರ ಮುಗಿದ ಮೇಲೆ ಒಂದೇ ಸಲ ತೆರೆಯಬೇಕು. ಮಳೆಗಾಲಗಳ ನಡುವೆ ಬೇಸಿಗೆ ಇರುವುದರಿಂದ ಒಂದು ಪಾಲಿನ ನೀರು ಇನ್ನೊಂದಕ್ಕೆ ಹರಿಯುವುದಿಲ್ಲ. ಇದು ಹೊಳೆಯ ದಾಖಲೆಯಲ್ಲಿ ಸಿಗುವ ಒಂದು ಅನುಕೂಲ.

ಕರೆಂಟ್ ಬಳಕೆ, ಮಾರುಕಟ್ಟೆ ದರದಂತೆ ವರ್ಷಪೂರ್ತಿ ನಿಲ್ಲದೆ ಸಾಗುವ ಸರಣಿಯಾದರೆ ಒಂದು ತಾರೀಖು ಹಿಡಿದು ಗೆರೆ ಎಳೆಯಬೇಕಾಗುತ್ತದೆ. ಆಗ ಕಲಿಸುವ ಯಾವ ವಿಂಡೋದ ಉತ್ತರವೂ ಗೆರೆ ದಾಟಬಾರದು. ಪರೀಕ್ಷೆಯ ವಿಂಡೋದ ಪ್ರಶ್ನೆ ಗೆರೆಯ ಹಿಂದಕ್ಕೆ ಚಾಚಿದರೆ ತಪ್ಪಿಲ್ಲ. ಆ ದಿನ ನಿಂತು ನೋಡುವವನಿಗೆ ಹಿಂದಿನ ದಿನಗಳು ಗೊತ್ತೇ ಇರುತ್ತವೆ, ಅಲ್ವಾ?

ಅಂಕಿಗಳನ್ನು ಒಂದು ಅಳತೆಗೆ ತರುವಾಗಲೂ ಇದೇ ಎಚ್ಚರ ಬೇಕು. ಸರಾಸರಿಯನ್ನು ಕಳೆದು, ಏರಿಳಿತದ ಅಳತೆಯಿಂದ ಭಾಗಿಸುವುದು ಸಾಮಾನ್ಯ. ಆ ಸರಾಸರಿ ಕಲಿಸುವ ವರ್ಷಗಳಿಂದ ಮಾತ್ರ ಬರಬೇಕು. 20 ವರ್ಷದ ಸರಾಸರಿ ತೆಗೆದರೆ ಪರೀಕ್ಷೆಯ ವರ್ಷಗಳ ಸುಳಿವು ಒಳಗೆ ಬಂದುಬಿಡುತ್ತದೆ.

ಮಳೆಯ ಅಂಕಿ ಸೇರಿಸುವವರು ಗಂಟೆಯನ್ನೂ ನೋಡಬೇಕು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೆ ಅಳೆಯುತ್ತದೆ. ಹಾಗಾಗಿ ಜುಲೈ 20ರ ಮಳೆ ಎಂದರೆ 19ರ ಬೆಳಗ್ಗೆ 8.30ರಿಂದ 20ರ ಬೆಳಗ್ಗೆ 8.30ರವರೆಗಿನದು. ಒಳಹರಿವಿನ ಅಂಕಿ ಯಾವ ಗಂಟೆಯಿಂದ ಯಾವ ಗಂಟೆಯವರೆಗಿನದು ಎಂದು ಕೇಳಿ ತಿಳಿಯದೆ ಎರಡನ್ನೂ ಒಂದೇ ತಾರೀಖಿನಡಿ ಕೂಡಿಸಿದರೆ, ಇನ್ನೂ ಬೀಳದ ಮಳೆಯನ್ನು ಪ್ರಶ್ನೆಯೊಳಗೆ ಇಟ್ಟಂತಾಗಬಹುದು.

2,740 ವಿಂಡೋ, ಆದರೆ ಎಷ್ಟು ಹೊಳೆ?

2,740 ಉದಾಹರಣೆ ಎಂದರೆ ಬಹಳ ಅನ್ನಿಸುತ್ತದೆ. 153 ದಿನವನ್ನು 17ರಿಂದ ಭಾಗಿಸಿದರೆ ಸರಿಯಾಗಿ 9. ಒಂದಕ್ಕೊಂದು ತಾಗದ ತುಣುಕು ವರ್ಷಕ್ಕೆ ಒಂಬತ್ತೇ, 20 ವರ್ಷಕ್ಕೆ 180. ಉಳಿದವೆಲ್ಲ ಇದೇ ದಿನಗಳನ್ನು ಬೇರೆ ಬೇರೆ ಜಾಗದಿಂದ ನೋಡಿದ್ದು. 2019ರ ಆಗಸ್ಟಿನ ಪ್ರವಾಹದ ತುದಿಯ ದಿನ 17 ವಿಂಡೋಗಳಲ್ಲಿ ಬರುತ್ತದೆ. ಮಾಡೆಲ್‌ಗೆ ಅದು 17 ಸಲ ಕಂಡರೂ ಪ್ರವಾಹ ಒಂದೇ.

2005, 2019, 2021ರಂಥ ದೊಡ್ಡ ಹೊಳೆಗಳು ಈ ದಾಖಲೆಯಲ್ಲಿ ಬೆರಳೆಣಿಕೆಯಷ್ಟು. ವಿಂಡೋ ಎಷ್ಟೇ ದಟ್ಟವಾಗಿ ಕತ್ತರಿಸಿದರೂ ಆ ಸಂಖ್ಯೆ ಏರುವುದಿಲ್ಲ. ಪರೀಕ್ಷೆಗೆ ಇಟ್ಟ ವರ್ಷಗಳಲ್ಲಿ ದೊಡ್ಡ ಹೊಳೆ ಬಂದಿರದಿದ್ದರೆ, ಆ ಪರೀಕ್ಷೆಯ ಅಂಕ ದೊಡ್ಡ ಹೊಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ಕೆಲವರು ಒಂದೊಂದು ವರ್ಷವನ್ನು ಸರದಿಯಂತೆ ಹೊರಗಿಟ್ಟು, ಉಳಿದ 19ರಿಂದ ಕಲಿಸಿ, 20 ಸಲ ಪರೀಕ್ಷೆ ಮಾಡುತ್ತಾರೆ. ಆಗ 2019ನ್ನು ನೋಡದೆಯೇ ಕಲಿತ ಮಾಡೆಲ್ 2019ನ್ನು ಹೇಗೆ ಎದುರಿಸಿತು ಎಂಬುದು ತಿಳಿಯುತ್ತದೆ. ಇದರಲ್ಲಿ ಮುಂದಿನ ವರ್ಷಗಳಿಂದ ಕಲಿತು ಹಿಂದಿನ ವರ್ಷ ಹೇಳಿದಂತಾಗುತ್ತದೆ, ನಿಜ. ಆದರೂ ಪ್ರವಾಹಗಳು ಇಷ್ಟು ಕಡಿಮೆ ಇರುವಾಗ ಎರಡೂ ಬಗೆಯ ಪರೀಕ್ಷೆ ಮಾಡುವುದು ಒಳ್ಳೆಯದು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಮಳೆ ಸುರಿದದ್ದು ನಮ್ಮ ಬಯಲು ಸೀಮೆಯ ಮೇಲೆಯೇ. ಘಟ್ಟದಿಂದ ಇಳಿದು ಬರುವ ನೀರನ್ನಷ್ಟೇ ಕಲಿತ ಮಾಡೆಲ್‌ಗೆ ಅಂಥದ್ದರ ಪರಿಚಯ ಬಹಳ ಕಡಿಮೆ ಇರುತ್ತದೆ.

‘ನಾಳೆಯೂ ಇಷ್ಟೇ’ ಎನ್ನುವವನನ್ನು ಸೋಲಿಸಬೇಕು

ಏನೂ ಕಲಿಯದೆ ಮುನ್ಸೂಚನೆ ಹೇಳುವ ಒಂದು ದಾರಿ ಇದೆ. ಇವತ್ತು ಎಷ್ಟು ಬಂತೋ ನಾಳೆಯೂ ನಾಡಿದ್ದೂ ಅಷ್ಟೇ ಎನ್ನುವುದು. ಬಹಳಷ್ಟು ದಿನ ಅದು ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಬಹಳಷ್ಟು ದಿನ ನದಿಯಲ್ಲಿ ದೊಡ್ಡ ಬದಲಾವಣೆ ಇರುವುದಿಲ್ಲ.

ನಮ್ಮ 12 ದಿನದ ಪಟ್ಟಿಯ ಮೊದಲ ವಿಂಡೋ ನೋಡಿ. ಕೊನೆಯ ಅಂಕಿ 95. ಈ ವಿಧಾನ ಎರಡೂ ದಿನಕ್ಕೆ 95 ಎನ್ನುತ್ತದೆ. ಬಂದದ್ದು 120 ಮತ್ತು 140. ತಪ್ಪು 25 ಮತ್ತು 45 ಸಾವಿರ ಕ್ಯೂಸೆಕ್. ಆರನೆಯ ವಿಂಡೋದಲ್ಲಿ 85 ಎನ್ನುತ್ತದೆ, ಬಂದದ್ದು 70 ಮತ್ತು 62. ತಪ್ಪು 15 ಮತ್ತು 23. ಊರಿನವರಿಗೆ ಮುಖ್ಯವಾದ ಏರುವ ದಿನಗಳಲ್ಲೇ ಅದು ಹೆಚ್ಚು ತಪ್ಪುತ್ತದೆ. ಆದರೆ ಇಡೀ ಮಳೆಗಾಲದ ಸರಾಸರಿ ತೆಗೆದಾಗ ಆ ತಪ್ಪು ಶಾಂತ ದಿನಗಳ ನಡುವೆ ಮುಚ್ಚಿಹೋಗುತ್ತದೆ.

ಕಲಿತ ಮಾಡೆಲ್ ಕೂಡ ಕೆಲವೊಮ್ಮೆ ಇದನ್ನೇ ಮಾಡುತ್ತದೆ. ಗ್ರಾಫ್ ಹಾಕಿ ನೋಡಿದರೆ ಮುನ್ಸೂಚನೆಯ ಗೆರೆ ನಿಜವಾದ ಗೆರೆಯ ಹಾಗೆಯೇ ಕಾಣುತ್ತದೆ. ಕಣ್ಣಿಟ್ಟು ನೋಡಿದರೆ ಅದು ಒಂದು ದಿನ ಬಲಕ್ಕೆ ಜರುಗಿರುತ್ತದೆ. ನೀರು ಏರಿದ ಮರುದಿನ ‘ಏರುತ್ತದೆ’ ಎನ್ನುತ್ತದೆ. ಅದಕ್ಕೆ ಯಾರಾದರೂ ನಿಖರತೆಯ ಅಂಕಿ ಕೊಟ್ಟರೆ, ‘ನಾಳೆಯೂ ಇಷ್ಟೇ’ ಎಂಬ ವಿಧಾನಕ್ಕೆ ಅದೇ ವರ್ಷಗಳಲ್ಲಿ ಎಷ್ಟು ಬಂತು, ಏರುವ ದಿನಗಳನ್ನಷ್ಟೇ ತೆಗೆದರೆ ಎಷ್ಟು ಬಂತು ಎಂದು ಕೇಳಬೇಕು. ಮೊದಲ ದಿನಕ್ಕೂ ಮೂರನೆಯ ದಿನಕ್ಕೂ ಬೇರೆ ಬೇರೆ ಅಂಕಿ ಕೇಳುವುದೂ ಒಳ್ಳೆಯದು. ಮೂರನೆಯ ದಿನಕ್ಕೆ ತಪ್ಪು ಸಹಜವಾಗಿಯೇ ಜಾಸ್ತಿ.

ಬೆಳಗ್ಗೆ ಬಳಸುವಾಗ

ಕಲಿತ ಮೇಲೆ ದಿನದ ಕೆಲಸ ಸರಳ. ಇವತ್ತಿಗೆ ಮುಗಿಯುವ 14 ದಿನದ ಒಂದೇ ಒಂದು ವಿಂಡೋ ತೆಗೆದು, ಕಲಿಸುವಾಗ ಬಳಸಿದ ಅದೇ ಸರಾಸರಿಯಿಂದ ಅಳತೆಗೆ ತಂದು ಮಾಡೆಲ್‌ಗೆ ಕೊಡಬೇಕು. ಮೂರು ಅಂಕಿ ಬರುತ್ತವೆ. ಅವನ್ನು ಮತ್ತೆ ಕ್ಯೂಸೆಕ್‌ಗೆ ತಿರುಗಿಸಬೇಕು. ಮರುದಿನ ವಿಂಡೋ ಒಂದು ದಿನ ಮುಂದಕ್ಕೆ ಜರುಗುತ್ತದೆ.

ಮೇಲಿನ ಜಲಾಶಯದಲ್ಲಿ ಇವತ್ತು ಮಧ್ಯಾಹ್ನ ಗೇಟ್ ಎತ್ತಲು ಅಧಿಕಾರಿಗಳು ತೀರ್ಮಾನಿಸಿದರೆ ಅದು ಈ 14 ದಿನಗಳಲ್ಲಿ ಇರುವುದಿಲ್ಲ. ಅದರ ಸುದ್ದಿ ಮಾಡೆಲ್‌ಗಿಂತ ಮೊದಲು ಮನುಷ್ಯರಿಗೆ ತಲುಪುತ್ತದೆ. ಅಂಥ ದಿನ ಇಲಾಖೆಯ ಎಚ್ಚರಿಕೆಯನ್ನೇ ನೋಡಬೇಕು, ಹಳೆಯ ಒಳಹರಿವಿನಿಂದ ಬಂದ ಅಂದಾಜನ್ನಲ್ಲ.

ಹೊಳೆ ಜೋರಾಗಿರುವಾಗಲೇ ಅಂಕಿ ತಡವಾಗಿ ಬರುವುದೂ ಉಂಟು. 14ರಲ್ಲಿ ಒಂದು ದಿನ ಖಾಲಿ ಇದ್ದರೆ ಏನು ಮಾಡಬೇಕೆಂದು ಮಳೆಗಾಲಕ್ಕೆ ಮೊದಲೇ ತೀರ್ಮಾನಿಸಿರಬೇಕು. ಹಿಂದಿನ ದಿನದ ಅಂಕಿ ತುಂಬುವುದಾದರೆ, ಕಲಿಸುವಾಗಲೂ ಕೆಲವು ವಿಂಡೋಗಳಲ್ಲಿ ಬೇಕೆಂದೇ ಒಂದು ದಿನ ಅಳಿಸಿ ಹಾಗೆಯೇ ತುಂಬಿ, ತಪ್ಪು ಎಷ್ಟು ಏರುತ್ತದೆ ಎಂದು ಅಳೆದಿಟ್ಟುಕೊಳ್ಳಬೇಕು. ಆ ದಿನದ ಸಂದೇಶದಲ್ಲಿ ‘ನಿನ್ನೆಯ ಅಂಕಿ ಬಂದಿಲ್ಲ, ಅಂದಾಜು ಸಡಿಲ’ ಎಂದು ಮುನ್ಸೂಚನೆಯ ಪಕ್ಕದಲ್ಲೇ ಬರೆಯಬೇಕು.